ತಂಗಿಯ ಎಂಆರ್‌ಐನಲ್ಲಿ ವೆಂಟ್ರಿಕಲ್ ಪಕ್ಕ ಬಿಳಿ ಚುಕ್ಕೆಗಳು. ಎಂಎಸ್ ಹೌದೋ ಅಲ್ಲವೋ ಅಂತ ಹೇಗೆ ಗುರುತಿಸುತ್ತಾರೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ 28 ವರ್ಷ. ಕಾಲೇಜಿನ ದಿನಗಳಿಂದಲೂ ಅವಳಿಗೆ ಅರೆತಲೆನೋವು. ಹೋದ ವಾರ ನೋವು ಜಾಸ್ತಿಯಾಯ್ತು ಅಂತ ಶಿವಮೊಗ್ಗದಲ್ಲಿ ಮೆದುಳಿನ ಎಂಆರ್‌ಐ ಮಾಡಿಸಿದೆವು. ರಿಪೋರ್ಟಿನ ಕೊನೆಯಲ್ಲಿ ಹೀಗಿದೆ: "ಫ್ಲೇರ್‌ನಲ್ಲಿ ಪೆರಿವೆಂಟ್ರಿಕ್ಯುಲರ್ ಮತ್ತು ಸಬ್‌ಕಾರ್ಟಿಕಲ್ ವೈಟ್ ಮ್ಯಾಟರ್‌ನಲ್ಲಿ ಕೆಲವು ಹೈಪರ್‌ಇಂಟೆನ್ಸ್ ಚುಕ್ಕೆಗಳು. ಡಿಮೈಲಿನೇಶನ್? ಇಸ್ಕೀಮಿಕ್?"

ಎರಡೂ ಕಡೆ ಪ್ರಶ್ನೆ ಚಿಹ್ನೆ ಹಾಕಿ ಬಿಟ್ಟಿದ್ದಾರೆ. ನೆಟ್‌ನಲ್ಲಿ ಹುಡುಕಿದರೆ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ನರಗಳ ಹೊದಿಕೆ ಹಾಳಾಗುವ ಎಂಎಸ್ ಕಾಯಿಲೆ ಅಂತ ಬರುತ್ತಿದೆ. ಮನೆಯಲ್ಲಿ ಅಮ್ಮ ಊಟ ಬಿಟ್ಟಿದ್ದಾರೆ. ಒಂದೇ ಫಿಲ್ಮ್ ನೋಡಿ ಒಬ್ಬರು ಎಂಎಸ್ ಅಂದರೆ ಇನ್ನೊಬ್ಬರು ಮೈಗ್ರೇನ್ ಅನ್ನುತ್ತಾರಂತೆ. ಅವರು ನೋಡುವುದಾದರೂ ಏನನ್ನು? ಗೊತ್ತಿದ್ದವರು ದಯವಿಟ್ಟು ಹೇಳಿ.

ಕಾಂತದ ಕೋಣೆ

ಸರ್, ನಾನು ಎಂಆರ್‌ಐ ಟೆಕ್ನಿಷಿಯನ್, 9 ವರ್ಷದಿಂದ ಇದೇ ಕೆಲಸ. ವೆಂಟ್ರಿಕಲ್ ಅಂದರೆ ಮೆದುಳಿನ ಒಳಗೆ ನೀರು ತುಂಬಿರುವ ಜಾಗ. ಟಿ2 ಚಿತ್ರದಲ್ಲಿ ಆ ನೀರೂ ಬೆಳ್ಳಗೆ, ಚುಕ್ಕೆಯೂ ಬೆಳ್ಳಗೆ. ಎರಡೂ ಬೆರೆತುಹೋಗುತ್ತವೆ. ಫ್ಲೇರ್‌ನಲ್ಲಿ ನೀರನ್ನು ಕಪ್ಪು ಮಾಡಿಬಿಡುತ್ತೇವೆ. ಆಗ ವೆಂಟ್ರಿಕಲ್ ಅಂಚಿಗೆ ಅಂಟಿಕೊಂಡ ಚುಕ್ಕೆ ಎದ್ದು ಕಾಣುತ್ತದೆ. ಎಂಎಸ್ ನೋಡೋಕೆ ಫ್ಲೇರ್ ಬೇಕೇ ಬೇಕು ಅನ್ನುವುದು ಅದಕ್ಕೇ.

ವೆಂಟ್ರಿಕಲ್ ಪಕ್ಕ ಮೂರು ಅಥವಾ ಜಾಸ್ತಿ ಚುಕ್ಕೆ ಇದ್ದರೆ ಎಂಎಸ್, ಕಡಿಮೆ ಇದ್ದರೆ ಅಲ್ಲ. ಎಣಿಸಿ ನೋಡಿ.

ಚಿತ್ರ ಓದುವವಳು

ನಾನು ಮೈಸೂರಿನಲ್ಲಿ ರೇಡಿಯಾಲಜಿಸ್ಟ್. ಕಾಂತದ ಕೋಣೆಯವರು ಫ್ಲೇರ್ ಬಗ್ಗೆ ಹೇಳಿದ್ದು ಸರಿ. ಎಣಿಕೆಯ ಮಾತು ಮಾತ್ರ ಹಳೆಯದು. ಎಂಎಸ್ ಗುರುತಿಸಲು ಡಾಕ್ಟರುಗಳು ಬಳಸುವುದು ಮ್ಯಾಕ್‌ಡೊನಾಲ್ಡ್ ಮಾನದಂಡ. ಮೂರು ಬೇಕು ಅನ್ನುವುದು ಅದರ ಹಿಂದಿನ ಆವೃತ್ತಿಗಳಲ್ಲಿತ್ತು. 2017ರ ಆವೃತ್ತಿಯಲ್ಲಿ ಆ ಜಾಗಕ್ಕೆ ಒಂದೇ ಚುಕ್ಕೆ ಸಾಕು. ಆದರೆ ಅಲ್ಲಿ ಒಂದು, ಬೇರೆ ಜಾಗದಲ್ಲೂ ಒಂದು ಬೇಕು. ಜಾಗಗಳು ನಾಲ್ಕು: ವೆಂಟ್ರಿಕಲ್ ಅಂಚು, ಮೆದುಳಿನ ಮೇಲ್ಪದರ ಅಥವಾ ಅದಕ್ಕೆ ಅಂಟಿದ ಜಾಗ, ಹಿಂಬದಿಯ ಕೆಳಗಿನ ಮೆದುಳು, ಬೆನ್ನುಹುರಿ. ಇವುಗಳಲ್ಲಿ ಎರಡು ಕಡೆ ಇರಬೇಕು. ವಯಸ್ಸಾದವರಲ್ಲಿ ಮತ್ತು ಬಿಪಿ, ಶುಗರ್ ಇರುವವರಲ್ಲಿ ವೆಂಟ್ರಿಕಲ್ ಪಕ್ಕದ ಒಂದು ಚುಕ್ಕೆಯನ್ನು ನಂಬಿ ಕೂರಬಾರದು. ಅಂಥವರಲ್ಲಿ ಜಾಸ್ತಿ ಚುಕ್ಕೆ ಕೇಳುವುದೇ ಒಳ್ಳೆಯದು.

ಎಣಿಸುವುದಕ್ಕಿಂತ ಮೊದಲು ನಾನು ನೋಡುವುದು ಒಂದೇ ವಿಷಯ. ಚುಕ್ಕೆ ವೆಂಟ್ರಿಕಲ್ ಗೋಡೆಯನ್ನು ಮುಟ್ಟಿದೆಯಾ? ಪಕ್ಕದಲ್ಲಿದ್ದರೆ ಸಾಲದು, ಮುಟ್ಟಿರಬೇಕು. ಮಧ್ಯೆ ಮಾಮೂಲಿ ವೈಟ್ ಮ್ಯಾಟರ್‌ನ ಒಂದು ತೆಳ್ಳನೆ ಗೆರೆ ಉಳಿದಿದ್ದರೂ ನಾನು ಅದನ್ನು ಈ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬಹಳ ರಿಪೋರ್ಟ್‌ಗಳಲ್ಲಿ ಪೆರಿವೆಂಟ್ರಿಕ್ಯುಲರ್ ಅನ್ನುವ ಪದವನ್ನು "ಅಲ್ಲೇ ಎಲ್ಲೋ ಹತ್ತಿರ" ಅನ್ನುವ ಅರ್ಥದಲ್ಲಿ ಬರೆದಿರುತ್ತಾರೆ. ಗೊಂದಲದ ಅರ್ಧ ಅಲ್ಲಿಂದಲೇ ಶುರು. ಉದ್ದದಲ್ಲಿ ಕನಿಷ್ಠ 3 ಮಿ.ಮೀ. ಕೂಡ ಇರಬೇಕು.

ಆಮೇಲೆ ಆಕಾರ ನೋಡುತ್ತೇನೆ. ಎಂಎಸ್ ಚುಕ್ಕೆ ಮೊಟ್ಟೆಯಾಕಾರದಲ್ಲಿ ಉದ್ದಕ್ಕಿರುತ್ತದೆ. ಅದರ ಉದ್ದ ವೆಂಟ್ರಿಕಲ್ ಗೋಡೆಗೆ ನೆಟ್ಟಗೆ ನಿಂತಿರುತ್ತದೆ. ಪಕ್ಕದಿಂದ ತೆಗೆದ ಚಿತ್ರದಲ್ಲಿ, ಸಾಲಾಗಿ ಹಚ್ಚಿಟ್ಟ ದೀಪದ ಕುಡಿಗಳು ಮೇಲಕ್ಕೆ ಎದ್ದ ಹಾಗೆ ಕಾಣುತ್ತದೆ. ಇದಕ್ಕೆ ಡಾಸನ್ ಬೆರಳುಗಳು ಅನ್ನುತ್ತಾರೆ. ಸ್ಕಾಟ್ಲೆಂಡಿನ ಜೇಮ್ಸ್ ಡಾಸನ್ 1916ರಲ್ಲಿ ಸೂಕ್ಷ್ಮದರ್ಶಕದಲ್ಲಿ ಮೆದುಳಿನ ಪದರಗಳನ್ನು ನೋಡಿ ಇದನ್ನು ವಿವರಿಸಿದ್ದರು. ಆಗ ಎಂಆರ್‌ಐ ಇರಲೇ ಇಲ್ಲ. ಕಾರಣ ಸರಳ. ವೆಂಟ್ರಿಕಲ್ ಕಡೆಗೆ ಬರುವ ಸಣ್ಣ ಅಭಿಧಮನಿಗಳು ಗೋಡೆಗೆ ನೆಟ್ಟಗೆ ಬಂದು ಸೇರುತ್ತವೆ. ಎಂಎಸ್‌ನ ಉರಿಯೂತ ಆ ನಾಳದ ಸುತ್ತಲೇ ಹಬ್ಬುತ್ತದೆ. ಹಾಗಾಗಿ ನಾಳ ಹೇಗೆ ಹೋಗಿದೆಯೋ ಚುಕ್ಕೆಯೂ ಹಾಗೇ ಬೆಳೆಯುತ್ತದೆ.

ತುಂಗಾತೀರ ಅವರೇ, ರಿಪೋರ್ಟ್ ಬಿಡಿ, ಸಿ.ಡಿ. ಇದೆಯಾ? ಇನ್ನೊಂದು ಪ್ರಶ್ನೆ ಇದಕ್ಕಿಂತ ಮುಖ್ಯ. ತಂಗಿಗೆ ತಲೆನೋವು ಬಿಟ್ಟು ಬೇರೇನಾದರೂ ಆಗಿತ್ತಾ? ಕಣ್ಣು ಮಂಜಾಗುವುದು, ಕೈಕಾಲು ಜೋಮು, ನಡಿಗೆ ತೂರಾಡುವುದು, ಹೀಗೆ ಏನಾದರೂ ದಿನಗಟ್ಟಲೆ ಇದ್ದು ಹೋಗಿದ್ದು?

ಬಿಪಿ ಮಾತ್ರೆ

ಮೇಡಂ, ನಮ್ಮ ತಂದೆಗೆ 66. ಬಿಪಿ, ಶುಗರ್ ಎರಡೂ ಇದೆ. ಅವರ ರಿಪೋರ್ಟ್‌ನಲ್ಲೂ ಪೆರಿವೆಂಟ್ರಿಕ್ಯುಲರ್ ಹೈಪರ್‌ಇಂಟೆನ್ಸಿಟಿ ಅಂತಲೇ ಇದೆ. ಈ ಎಂಎಸ್‌ನಲ್ಲಿ ಪ್ಲೇಕ್ ಕಟ್ಟುತ್ತದೆ ಅಂತ ಓದಿದೆ. ಅದು ಹೃದಯದ ನಾಳದಲ್ಲಿ ಕಟ್ಟುವ ಕೊಬ್ಬೇ ಅಲ್ವಾ? ಕೊಲೆಸ್ಟ್ರಾಲ್ ಮಾತ್ರೆ ತೆಗೆದುಕೊಂಡರೆ ಕರಗುತ್ತಾ?

ಚಿತ್ರ ಓದುವವಳು

ಇಲ್ಲ ಸರ್, ಹೆಸರು ಒಂದೇ, ವಸ್ತು ಬೇರೆ. ಎಂಎಸ್ ಪ್ಲೇಕ್ ಅಂದರೆ ನರದ ಎಳೆಗಳ ಮೇಲಿನ ಹೊದಿಕೆ ಹಾಳಾಗಿ ಗಟ್ಟಿಯಾದ ಜಾಗ. ಕೊಬ್ಬಿಗೂ ಅದಕ್ಕೂ ಸಂಬಂಧವಿಲ್ಲ.

ನಿಮ್ಮ ತಂದೆಯ ವಯಸ್ಸಿಗೆ, ಬಿಪಿ ಶುಗರ್‌ಗೆ ವೆಂಟ್ರಿಕಲ್ ಸುತ್ತ ಬೆಳ್ಳಗೆ ಕಾಣುವುದು ತುಂಬಾ ಸಾಮಾನ್ಯ. ಅದರ ಚಹರೆಯೇ ಬೇರೆ. ವೆಂಟ್ರಿಕಲ್‌ನ ಮುಂದಿನ ಮತ್ತು ಹಿಂದಿನ ಕೊಂಬುಗಳಿಗೆ ಟೋಪಿ ಹಾಕಿದ ಹಾಗೆ, ಪಕ್ಕದ ಗೋಡೆಗೆ ನಯವಾದ ಪಟ್ಟಿ ಅಂಟಿಸಿದ ಹಾಗೆ ಕಾಣುತ್ತದೆ. ಎಡ ಬಲ ಹೆಚ್ಚುಕಡಿಮೆ ಒಂದೇ ಥರ. ಜೊತೆಗೆ ಒಳಭಾಗದಲ್ಲಿ ಬಿಡಿಬಿಡಿ ಚುಕ್ಕೆಗಳು. ಇದು ಸಣ್ಣ ಅಪಧಮನಿಗಳು ಸವೆದ ಗುರುತು. ಆರೋಗ್ಯವಂತ ಯುವಕರಲ್ಲೂ ಮುಂದಿನ ಕೊಂಬಿನ ತುದಿಯಲ್ಲಿ ಸಣ್ಣ ಟೋಪಿ ಇರಬಹುದು. ಅದನ್ನು ರೋಗ ಅಂತ ಬರೆಯಬಾರದು.

ಗೊಂದಲವಾದಾಗ ನಾನು ಕಾರ್ಪಸ್ ಕೆಲೋಸಮ್ ನೋಡುತ್ತೇನೆ. ಎಡ ಬಲ ಮೆದುಳನ್ನು ಜೋಡಿಸುವ ದಪ್ಪ ಸೇತುವೆ ಅದು. ಬಿಪಿಯ ಚುಕ್ಕೆಗಳು ಸಾಮಾನ್ಯವಾಗಿ ಅದನ್ನು ಬಿಟ್ಟುಬಿಡುತ್ತವೆ. ಎಂಎಸ್ ಅದರ ಕೆಳ ಅಂಚನ್ನು, ವೆಂಟ್ರಿಕಲ್ ಕಡೆಯ ಅಂಚನ್ನು ಕಚ್ಚುತ್ತದೆ.

ತುಂಗಾತೀರ

ಮೇಡಂ, ನಿಮ್ಮ ಪ್ರಶ್ನೆ ಓದಿ ತಂಗಿಯನ್ನು ಕೂರಿಸಿಕೊಂಡು ಕೇಳಿದೆ. ಎಂಟು ತಿಂಗಳ ಹಿಂದೆ ಎಡಗಣ್ಣು ಮಂಜಾಗಿತ್ತಂತೆ. ಕಣ್ಣು ಆಡಿಸಿದರೆ ಒಳಗೆ ನೋವು. ಕೆಂಪು ಬಣ್ಣ ಮಾಸಿದ ಹಾಗೆ ಕಾಣುತ್ತಿತ್ತಂತೆ. ಕಣ್ಣಿನ ಡಾಕ್ಟರ್ ಹತ್ತಿರ ಹೋಗಿದ್ದಳು. ಮೂರು ವಾರದಲ್ಲಿ ಸರಿಹೋಯ್ತು ಅಂತ ನಮಗೆ ಹೇಳಲೇ ಇಲ್ಲ. ಈಗ ಹತ್ತು ದಿನದಿಂದ ಎಡಗಾಲು ಜೋಮು. ಕತ್ತು ಬಗ್ಗಿಸಿದರೆ ಬೆನ್ನಿನಲ್ಲಿ ಕರೆಂಟ್ ಹೊಡೆದ ಹಾಗಾಗುತ್ತದೆ ಅನ್ನುತ್ತಿದ್ದಾಳೆ. ತಲೆನೋವಿನ ಗದ್ದಲದಲ್ಲಿ ಇದ್ಯಾವುದನ್ನೂ ಸ್ಕ್ಯಾನ್ ಬರೆದ ಡಾಕ್ಟರಿಗೆ ಹೇಳಿಲ್ಲ.

ಸಿ.ಡಿ. ಹಾಕಿ ನೋಡಿದೆ. ಅಡ್ಡಕ್ಕೆ ಕತ್ತರಿಸಿದ ಚಿತ್ರಗಳಷ್ಟೇ ಇವೆ. ಆರು ಚುಕ್ಕೆ ಎಣಿಸಿದೆ. ಎರಡು ಮುಟ್ಟಿದ ಹಾಗಿದೆ, ನನಗೆ ಖಾತ್ರಿಯಿಲ್ಲ.

ಚಿತ್ರ ಓದುವವಳು

ಇದು ಇಡೀ ಪ್ರಶ್ನೆಯನ್ನೇ ಬದಲಾಯಿಸುತ್ತದೆ. ನಾಳೆಯೇ ನ್ಯೂರಾಲಜಿಸ್ಟ್ ಹತ್ತಿರ ಕರೆದುಕೊಂಡು ಹೋಗಿ, ಇಲ್ಲಿ ಉತ್ತರಕ್ಕೆ ಕಾಯಬೇಡಿ. ಮ್ಯಾಕ್‌ಡೊನಾಲ್ಡ್ ಮಾನದಂಡ ಬರೆದಿರುವುದೇ ಇಂಥ ತೊಂದರೆ ಆದವರಿಗೆ. ಬರೀ ತಲೆನೋವಿಗೆ ಸ್ಕ್ಯಾನ್ ಮಾಡಿ, ಸಿಕ್ಕ ಚುಕ್ಕೆಗೆ ಆ ಅಳತೆ ಹಿಡಿದರೆ ತಪ್ಪು ಉತ್ತರ ಬರುತ್ತದೆ. ನೋವಿನ ಜೊತೆ ಒಂದು ಕಣ್ಣು ಮಂಜಾಗಿ ವಾರಗಳಲ್ಲಿ ಸುಧಾರಿಸುವುದು ಕಣ್ಣಿನ ನರದ ಉರಿಯೂತದ, ಅಂದರೆ ಆಪ್ಟಿಕ್ ನ್ಯೂರೈಟಿಸ್‌ನ ಲಕ್ಷಣ. ಕತ್ತು ಬಗ್ಗಿಸಿದಾಗ ಕರೆಂಟ್ ಹೊಡೆಯುವುದು ಕತ್ತಿನ ಬೆನ್ನುಹುರಿ ಕಡೆ ಬೊಟ್ಟು ಮಾಡುತ್ತದೆ. ಆ ಕಣ್ಣಿನ ಡಾಕ್ಟರ್ ಚೀಟಿ ಹುಡುಕಿ ಇಟ್ಟುಕೊಳ್ಳಿ. ಆಗ ಅವರು ಪರೀಕ್ಷೆ ಮಾಡಿ ಬರೆದದ್ದಕ್ಕೆ ಈಗ ತುಂಬಾ ಬೆಲೆ ಇದೆ.

ಕಾಂತದ ಕೋಣೆ

ಮೇಡಂ, ಹಳೆ ಲೆಕ್ಕ ಹೇಳಿದ್ದಕ್ಕೆ ಕ್ಷಮಿಸಿ. ನಮ್ಮ ಕಡೆಯಿಂದ ಒಂದು ಮಾತು. ಬರೀ ತಲೆನೋವು ಅಂತ ಬರೆದು ಕಳಿಸಿದರೆ ನಾವು 5 ಮಿ.ಮೀ. ದಪ್ಪದ ಅಡ್ಡ ಪದರಗಳನ್ನು, ಮಧ್ಯೆ ಜಾಗ ಬಿಟ್ಟು ತೆಗೆದು ಮುಗಿಸುತ್ತೇವೆ. ಸಣ್ಣ ಚುಕ್ಕೆ ಆ ಸಂದಿಯಲ್ಲಿ ತಪ್ಪಿಸಿಕೊಳ್ಳಬಹುದು. ಮುಟ್ಟಿದೆಯೋ ಇಲ್ಲವೋ ಹೇಳಲೂ ಆಗುವುದಿಲ್ಲ. ಡಿಮೈಲಿನೇಶನ್ ಸಂಶಯ ಅಂತ ಚೀಟಿಯಲ್ಲಿ ಬರೆದಿದ್ದರೆ 1 ಮಿ.ಮೀ. ತ್ರೀಡಿ ಫ್ಲೇರ್ ತೆಗೆಯುತ್ತೇವೆ. ಸಿ.ಡಿ.ಯಲ್ಲಿ ಅದರ ಹೆಸರು `SAG 3D FLAIR` ಅಂತ ಏನೋ ಇರುತ್ತದೆ. ಅದನ್ನು ಯಾವ ದಿಕ್ಕಿನಿಂದ ಬೇಕಾದರೂ ತಿರುಗಿಸಿ ನೋಡಬಹುದು.

ಇನ್ನೊಂದು ವಿಷಯ. ವೆಂಟ್ರಿಕಲ್ ಒಳಗೆ ನೀರು ಹರಿಯುತ್ತಿರುತ್ತದೆ. ಆ ಹರಿವಿನಿಂದ ಫ್ಲೇರ್‌ನಲ್ಲಿ ಸುಳ್ಳು ಬಿಳುಪು ಬರುತ್ತದೆ. ಕೆಳಗಿನ ಹಿಂಬದಿ ಮೆದುಳಿನ ಸುತ್ತ ಇದು ಜಾಸ್ತಿ. ಅಲ್ಲಿ ಚುಕ್ಕೆ ಕಂಡರೆ ಟಿ2ನಲ್ಲೂ ಇದೆಯಾ ಅಂತ ನೋಡಲೇಬೇಕು.

ನೀಲಗಿರಿ ನೆರಳು

ಈ ಚರ್ಚೆ ನನ್ನದೇ ಕಥೆ. ನಾನು ಇರುವುದು ಮೆಲ್ಬರ್ನ್‌ನಲ್ಲಿ, ಊರು ಪುತ್ತೂರು. 34ನೇ ವಯಸ್ಸಿನಲ್ಲಿ ಮೈಗ್ರೇನ್‌ಗೆ ಸ್ಕ್ಯಾನ್ ಮಾಡಿಸಿದಾಗ ಹನ್ನೊಂದು ಚುಕ್ಕೆ ಸಿಕ್ಕವು. ಒಂದು ಆಸ್ಪತ್ರೆಯಲ್ಲಿ ಎಂಎಸ್ ಅಂದರು. ಎರಡು ವರ್ಷ ಇಂಜೆಕ್ಷನ್ ತೆಗೆದುಕೊಂಡೆ. ಪ್ರತಿ ಸಲ ಚುಚ್ಚಿದ ಮೇಲೆ ಜ್ವರ, ಮೈಕೈ ನೋವು. ಮಗುವಿನ ಯೋಚನೆಯನ್ನೂ ಮುಂದೂಡಿದೆವು. ಆಮೇಲೆ ಬೇರೆ ಡಾಕ್ಟರ್ ಅದೇ ಹಳೆ ಚಿತ್ರಗಳನ್ನು ಇಟ್ಟುಕೊಂಡು ಒಂದೊಂದೇ ಚುಕ್ಕೆ ತೋರಿಸಿದರು. ಎಲ್ಲವೂ ಸಣ್ಣ, ದುಂಡಗೆ, ಹಣೆಯ ಹಿಂದಿನ ಭಾಗದಲ್ಲಿ. ಒಂದೂ ವೆಂಟ್ರಿಕಲ್ ಮುಟ್ಟಿಲ್ಲ, ಮೇಲ್ಪದರಕ್ಕೂ ಅಂಟಿಲ್ಲ. ಕಾರ್ಪಸ್ ಕೆಲೋಸಮ್, ಬೆನ್ನುಹುರಿ ಎರಡೂ ಶುದ್ಧ. ಔಷಧಿ ನಿಲ್ಲಿಸಿ ಐದು ವರ್ಷವಾಯ್ತು, ಹೊಸ ಚುಕ್ಕೆ ಒಂದೂ ಬಂದಿಲ್ಲ.

ತುಂಗಾತೀರ ಅವರೇ, ಅವಸರ ಮಾಡಬೇಡಿ. ನಿಮ್ಮ ತಂಗಿಗೂ ಮೈಗ್ರೇನ್ ಇದೆಯಲ್ಲ, ಇದೂ ಹಾಗೇ ಇರಬಹುದು.

ಉಣಕಲ್ ಅಕ್ಕ

ತಂಗೀ, ನಿಮಗಾದದ್ದು ಓದಿ ಸಂಕಟವಾಯಿತು. ಆದರೆ ಇವರ ತಂಗಿಗೆ ಕಣ್ಣು ಹೋಗಿ ಬಂದಿದೆ, ಕಾಲು ಜೋಮು ಹಿಡಿದಿದೆ. ನಾನು ಹದಿಮೂರು ವರ್ಷದಿಂದ ಎಂಎಸ್ ಜೊತೆ ಇದ್ದೇನೆ. ನನಗೂ ಮೊದಲು ಕಣ್ಣು. ಸುಮ್ನೆ ದಣಿವು ಅಂತ ಒಂದೂವರೆ ವರ್ಷ ಕಳೆದೆ. ಆಮೇಲೆ ಎರಡೂ ಕಾಲು ಸೋತವು. ಆ ಒಂದೂವರೆ ವರ್ಷ ನನಗೆ ವಾಪಸ್ ಸಿಗಲಿಲ್ಲ. ಹಾಗಾಗಿ ತಡ ಮಾಡಬೇಡ ತಮ್ಮಾ.

ನನ್ನ ಚಿತ್ರದಲ್ಲಿ ಆ ಬೆರಳುಗಳು ಸಾಲಾಗಿ ಇದ್ದವು. ಡಾಸನ್ ಬೆರಳು ಕಂಡರೆ ಎಂಎಸ್ ಖಾತ್ರಿ ಅಂತ ನಮ್ಮ ಡಾಕ್ಟರ್ ಹೇಳಿದ್ದರು.

ಮೂರನೇ ವರ್ಷದ ಪಿಜಿ

ಅಕ್ಕ, ಬಲವಾದ ಗುರುತು ಹೌದು, ಖಾತ್ರಿ ಅನ್ನಲಾಗದು. ನಾನು ನ್ಯೂರಾಲಜಿ ಓದುತ್ತಿದ್ದೇನೆ. ಎಂಎಸ್ ಥರವೇ ಕಾಣುವ ಬೇರೆ ಕಾಯಿಲೆಗಳಿವೆ. ಕಣ್ಣಿನ ನರ ಮತ್ತು ಬೆನ್ನುಹುರಿ ಎರಡೂ ಕೆಟ್ಟಾಗ ಎನ್ಎಂಒ, ಮಾಗ್ ಕಾಯಿಲೆಗಳನ್ನು ಮೊದಲು ಬದಿಗಿಡಬೇಕು. ಇದು ಬರೀ ಹೆಸರಿನ ಪ್ರಶ್ನೆ ಅಲ್ಲ. ಎಂಎಸ್‌ಗೆ ಕೊಡುವ ಕೆಲವು ಔಷಧಿ ಎನ್ಎಂಒ ಇರುವವರಲ್ಲಿ ಕಾಯಿಲೆಯನ್ನು ಕೆರಳಿಸುತ್ತದೆ. ರಕ್ತದಲ್ಲಿ ಆಕ್ವಾಪೋರಿನ್ 4, ಮಾಗ್ ಆಂಟಿಬಾಡಿ ನೋಡಿಸಬೇಕು.

ಬೆನ್ನುಹುರಿಯ ಚಿತ್ರವೂ ದಾರಿ ತೋರಿಸುತ್ತದೆ. ಎಂಎಸ್ ಚುಕ್ಕೆ ಗಿಡ್ಡ, ಒಂದು ಬದಿಗೆ ಅಥವಾ ಹಿಂದಕ್ಕೆ ಸರಿದಿರುತ್ತದೆ. ಸಾಮಾನ್ಯವಾಗಿ ಎರಡು ಕಶೇರುಗಳ ಉದ್ದವನ್ನು ದಾಟುವುದಿಲ್ಲ. ಎನ್ಎಂಒನಲ್ಲಿ ಮೂರು ಅಥವಾ ಜಾಸ್ತಿ ಕಶೇರುಗಳ ಉದ್ದಕ್ಕೆ, ಹುರಿಯ ನಡುಭಾಗವನ್ನೇ ತುಂಬಿಕೊಂಡು ಹಬ್ಬುವುದು ಹೆಚ್ಚು. ಮೈಗ್ರೇನ್‌ನಿಂದಾಗಲೀ ವಯಸ್ಸಿನಿಂದಾಗಲೀ ಬೆನ್ನುಹುರಿಯಲ್ಲಿ ಚುಕ್ಕೆ ಬರುವುದಿಲ್ಲ. ನೀಲಗಿರಿ ನೆರಳು ಅವರ ಹುರಿ ಶುದ್ಧ ಇದ್ದದ್ದಕ್ಕೆ ಅಷ್ಟು ತೂಕ ಇರುವುದು ಇದರಿಂದಲೇ.

ತುಂಗಾತೀರ

ಹದಿನೈದು ದಿನದ ಮೇಲೆ ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲಿ ನ್ಯೂರಾಲಜಿಸ್ಟ್ ತೋರಿಸಿದೆವು. ಮೆದುಳು ಮತ್ತು ಇಡೀ ಬೆನ್ನುಹುರಿಯ ಎಂಆರ್‌ಐ ಹೊಸದಾಗಿ ಮಾಡಿಸಿದರು, ಈ ಸಲ ಗ್ಯಾಡೋಲಿನಿಯಮ್ ಇಂಜೆಕ್ಷನ್ ಕೊಟ್ಟು. ಅವರು ಪರದೆಯ ಮೇಲೆ ಒಂದೊಂದನ್ನೂ ತೋರಿಸಿದರು.

ವೆಂಟ್ರಿಕಲ್ ಗೋಡೆ ಮುಟ್ಟಿದವು ನಾಲ್ಕು. ಅವುಗಳಲ್ಲಿ ಎರಡು 7 ಮತ್ತು 9 ಮಿ.ಮೀ. ಉದ್ದ, ನೆಟ್ಟಗೆ ನಿಂತಿವೆ. ಮೇಡಂ ಹೇಳಿದ ದೀಪದ ಕುಡಿ ಥರವೇ. ಕಾರ್ಪಸ್ ಕೆಲೋಸಮ್ ಕೆಳ ಅಂಚಿನಲ್ಲಿ ಒಂದು. ಹಳೆ ಸ್ಕ್ಯಾನ್‌ನಲ್ಲಿ ಅದು ಕಂಡೇ ಇರಲಿಲ್ಲ. ಎಡಗಡೆ ಮೇಲ್ಪದರಕ್ಕೆ ಅಂಟಿದ್ದು ಒಂದು. ಹಣೆಯ ಭಾಗದಲ್ಲಿ ಎರಡು ಸಣ್ಣ ಚುಕ್ಕೆ ಏನನ್ನೂ ಮುಟ್ಟಿಲ್ಲ, ಅವು ಮೈಗ್ರೇನ್‌ನವೇ ಇರಬಹುದು ಅಂದರು. ಕತ್ತಿನಲ್ಲಿ ಸಿ4 ಮಟ್ಟದಲ್ಲಿ ಹುರಿಯ ಹಿಂಭಾಗಕ್ಕೆ ಒಂದು ಚುಕ್ಕೆ, ಒಂದು ಕಶೇರುವಿನಷ್ಟೂ ಉದ್ದವಿಲ್ಲ. ಇಂಜೆಕ್ಷನ್ ಆದ ಮೇಲೆ ಹೊಳೆದದ್ದು ಅದೊಂದೇ.

ಮೂರು ದಿನ ಸ್ಟೀರಾಯ್ಡ್ ಡ್ರಿಪ್ ಹಾಕಿದರು. ಜೋಮು ಇಳಿಯುತ್ತಿದೆ. ಅದೊಂದೇ ಹೊಳೆದದ್ದು ಅಂದರೆ ಏನರ್ಥ ಅಂತ ಕೇಳಲು ಮರೆತೆ.

ಚಿತ್ರ ಓದುವವಳು

ಹೊಸ ಚುಕ್ಕೆಯಲ್ಲಿ ರಕ್ತನಾಳದ ತಡೆಗೋಡೆ ಸಡಿಲವಾಗಿರುತ್ತದೆ. ಗ್ಯಾಡೋಲಿನಿಯಮ್ ಒಳಗೆ ಸೋರಿ ಅದು ಹೊಳೆಯುತ್ತದೆ. ಕೆಲವು ವಾರಗಳಲ್ಲಿ ಗೋಡೆ ಮುಚ್ಚಿಕೊಳ್ಳುತ್ತದೆ, ಹೊಳಪು ಹೋಗುತ್ತದೆ. ಫ್ಲೇರ್, ಟಿ2 ಬಿಳುಪು ಮಾತ್ರ ಉಳಿಯುತ್ತದೆ. ಅಂದರೆ ಸಿ4ನ ಚುಕ್ಕೆ ಈಗಿನದು, ವೆಂಟ್ರಿಕಲ್ ಪಕ್ಕದವು ಹಿಂದೆ ಯಾವಾಗಲೋ ಬಂದವು. ಎಂಎಸ್ ಅನ್ನಬೇಕಾದರೆ ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಕಾಲದಲ್ಲಿ ಬಂದಿದೆ ಅಂತ ತೋರಿಸಬೇಕು. ನಿಮ್ಮ ತಂಗಿಯ ಒಂದೇ ದಿನದ ಚಿತ್ರದಲ್ಲಿ ಎರಡೂ ಸಿಕ್ಕಿವೆ. ಜಾಗ ಮೂರು, ಕಾಲ ಎರಡು.

ಒಂದು ಎಚ್ಚರಿಕೆ. ಎಲ್ಲ ಚುಕ್ಕೆಗಳೂ ಒಟ್ಟಿಗೇ ಹೊಳೆದಿದ್ದರೆ ನಾನು ಬೇರೆ ಯೋಚನೆ ಮಾಡುತ್ತಿದ್ದೆ. ಸೋಂಕು ಅಥವಾ ಲಸಿಕೆಯ ಬಳಿಕ ಒಮ್ಮೆ ಬಂದು ಹೋಗುವ ಉರಿಯೂತದಲ್ಲಿ ಹಾಗಾಗಬಹುದು. ಹೊಳಪು ಮೂರು ತಿಂಗಳು ದಾಟಿಯೂ ಹೋಗದಿದ್ದರೆ ಎಂಎಸ್ ಅನ್ನುವುದನ್ನೇ ಮತ್ತೆ ಪರೀಕ್ಷಿಸಬೇಕು. ನಮ್ಮ ದೇಶದಲ್ಲಿ ಟಿಬಿಯನ್ನೂ ಮರೆಯುವ ಹಾಗಿಲ್ಲ.

ಮೂರನೇ ವರ್ಷದ ಪಿಜಿ

ಹೊಸ ಸ್ಕ್ಯಾನ್‌ನಲ್ಲಿ `SWI`, ಅಂದರೆ ಸಣ್ಣ ಅಭಿಧಮನಿಗಳನ್ನು ಕಪ್ಪು ಗೆರೆಯಾಗಿ ತೋರಿಸುವ ಚಿತ್ರ ತೆಗೆದಿದ್ದಾರಾ? 2024ರಲ್ಲಿ ಪರಿಷ್ಕರಿಸಿದ ಮಾನದಂಡದಲ್ಲಿ ಕಣ್ಣಿನ ನರವೂ ಐದನೇ ಜಾಗ. ಚುಕ್ಕೆಯ ನಡುವೆ ಹಾದುಹೋಗುವ ಅಭಿಧಮನಿಯ ಗುರುತಿಗೂ ಅದರಲ್ಲಿ ಜಾಗ ಕೊಟ್ಟಿದ್ದಾರೆ. ನೂರಕ್ಕೆ 40ರಷ್ಟಾದರೂ ಚುಕ್ಕೆಗಳ ನಡುವೆ ನಾಳ ಕಂಡರೆ ಎಂಎಸ್ ಕಡೆಗೆ ವಾಲುತ್ತದೆ ಅನ್ನುವುದು ಒಂದು ಲೆಕ್ಕ. ಮೈಗ್ರೇನ್ ಚುಕ್ಕೆಗಳಲ್ಲಿ ಅಷ್ಟು ಕಾಣುವುದಿಲ್ಲ. ಹಣೆಯ ಭಾಗದ ಆ ಎರಡು ಚುಕ್ಕೆ ಯಾವುದರದ್ದು ಅಂತಲೂ ಗೊತ್ತಾಗಬಹುದು.

ಚಿತ್ರ ಓದುವವಳು

ತತ್ವ ಒಪ್ಪುತ್ತೇನೆ ಡಾಕ್ಟರೇ. ಡಾಸನ್ ನೋಡಿದ ನಾಳವನ್ನೇ ಈಗ ಬದುಕಿರುವವರಲ್ಲಿ ನೋಡುತ್ತಿದ್ದೇವೆ. ಆದರೆ ಜಿಲ್ಲಾ ಕೇಂದ್ರದ 1.5 ಟೆಸ್ಲಾ ಯಂತ್ರದಲ್ಲಿ, 2 ಮಿ.ಮೀ. ಪದರದ `SWI`ನಲ್ಲಿ, ಆ ಕೂದಲೆಳೆಯಂಥ ಕಪ್ಪು ಗೆರೆ ಕಾಣಲಿಲ್ಲ ಅಂತ ನಾನು "ಇಲ್ಲ" ಅಂತ ಬರೆಯಲಾರೆ. ಕಂಡರೆ ಬರೆಯುತ್ತೇನೆ. ಈ ಹುಡುಗಿಗೆ ಅದಿಲ್ಲದೆಯೂ ಉತ್ತರ ಸಿಕ್ಕಿದೆ. ಅದಕ್ಕೋಸ್ಕರ ಮತ್ತೊಮ್ಮೆ ಸ್ಕ್ಯಾನ್ ಬೇಡ.

ಮೂರನೇ ವರ್ಷದ ಪಿಜಿ

ಇವರಿಗೆ ಬೇಡ, ಸರಿ. ನೀಲಗಿರಿ ನೆರಳು ಅವರಂಥವರಿಗೆ ಎರಡು ವರ್ಷದ ಇಂಜೆಕ್ಷನ್ ತಪ್ಪುತ್ತಿತ್ತೋ ಏನೋ. ಮೊದಲ ಸ್ಕ್ಯಾನ್‌ನಲ್ಲೇ ಸೇರಿಸುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಇದರಲ್ಲಿ ನಾವಿಬ್ಬರೂ ಬೇರೆ ಬೇರೆ ಕಡೆಯೇ ನಿಂತಿದ್ದೇವೆ ಮೇಡಂ.

ನೀಲಗಿರಿ ನೆರಳು

ತಪ್ಪುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಮುಟ್ಟಿದೆಯಾ ಅಂತ ಆಗಲೇ ಯಾರಾದರೂ ಝೂಮ್ ಮಾಡಿ ನೋಡಿದ್ದರೂ ಸಾಕಿತ್ತು. ತುಂಗಾತೀರ ಅವರೇ, ಮೈಗ್ರೇನ್ ಇರಬಹುದು ಅಂದಿದ್ದೆ, ಕ್ಷಮಿಸಿ. ತಂಗಿಗೆ ನನ್ನ ನಮಸ್ಕಾರ ತಿಳಿಸಿ.

ತುಂಗಾತೀರ

ಕ್ಷಮೆ ಯಾಕೆ ಅಕ್ಕ, ನಿಮ್ಮ ಕಥೆ ಓದಿದ್ದರಿಂದಲೇ ಡಾಕ್ಟರ್ ಹತ್ತಿರ ಒಂದೊಂದೇ ಚುಕ್ಕೆ ತೋರಿಸಿ ಅಂತ ಕೇಳುವ ಧೈರ್ಯ ಬಂತು.

ಆಕ್ವಾಪೋರಿನ್ 4 ನೆಗೆಟಿವ್ ಬಂದಿದೆ. ಮಾಗ್ ರಿಪೋರ್ಟ್ ಇನ್ನೂ ಬಂದಿಲ್ಲ. ಸೊಂಟದಿಂದ ನೀರು ತೆಗೆದು ಆಲಿಗೋಕ್ಲೋನಲ್ ಬ್ಯಾಂಡ್ ನೋಡೋಣ ಅಂದಿದ್ದಾರೆ, ಅದು ಬೇಕೇ ಬೇಕಾ ಅಂತ ತಂಗಿ ಹೆದರುತ್ತಿದ್ದಾಳೆ. ಕಣ್ಣಿನ ಡಾಕ್ಟರ್ ಚೀಟಿ ಅವಳ ಹಳೆ ಬ್ಯಾಗಿನಲ್ಲಿ ಸಿಕ್ಕಿತು. ಎಡಗಣ್ಣಿನ ಪಾಪೆ ಬೆಳಕಿಗೆ ಸರಿಯಾಗಿ ಕುಗ್ಗುತ್ತಿಲ್ಲ ಅಂತ ಆಗಲೇ ಬರೆದಿದ್ದಾರೆ, ದಿನಾಂಕದ ಸಮೇತ. ಗುರುವಾರ ಮತ್ತೆ ಬೆಂಗಳೂರಿಗೆ ಹೋಗುವಾಗ ಅದನ್ನೂ ಎರಡೂ ಸಿ.ಡಿ.ಗಳನ್ನೂ ಒಯ್ಯುತ್ತಿದ್ದೇವೆ.

ಉಣಕಲ್ ಅಕ್ಕ

ಸೊಂಟದ ನೀರು ತೆಗೆಯುವುದು ನನಗೂ ಮಾಡಿದ್ದರು. ತಂಗಿಗೆ ನನ್ನ ಜೊತೆ ಮಾತಾಡಬೇಕು ಅನಿಸಿದರೆ ಇಲ್ಲೇ ಮೆಸೇಜ್ ಹಾಕಲು ಹೇಳು. ಸಂಜೆ ಏಳರ ಮೇಲೆ ನಾನು ಖಾಲಿ ಇರುತ್ತೇನೆ.